ರ‍್ಯಾಂಕ್, ಇನ್ವರ್ಸ್, ಐಗನ್ ವ್ಯಾಲ್ಯೂ: ಸರಿ-ತಪ್ಪು ಪ್ರಶ್ನೆಗಳನ್ನು ಬಿಡಿಸುವ ಕ್ರಮ

ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಬಿ.ಎಸ್ಸಿ. ಮಕ್ಕಳು ಬಂದು ಕೂರುತ್ತಾರೆ. ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರು. ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಕಲಿತು, ಈಗ ಕಾಸರಗೋಡಿನ ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಡಿಟರ್ಮಿನೆಂಟ್ ಕೊಟ್ಟರೆ ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಬಿಡಿಸಿಬಿಡುತ್ತಾರೆ. ಆದರೆ "ಸರಿಯೋ ತಪ್ಪೋ, ಕಾರಣ ಕೊಡಿ" ಎಂದು ಒಂದು ಸಾಲು ಕೊಟ್ಟರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಅಲ್ಲಿ ಲೆಕ್ಕ ಮಾಡಲು ಮ್ಯಾಟ್ರಿಕ್ಸೇ ಇಲ್ಲ. ಯಾವ ಮ್ಯಾಟ್ರಿಕ್ಸ್ ಹಿಡಿಯಬೇಕು ಎಂಬುದನ್ನು ನಾವೇ ಹುಡುಕಬೇಕು.

ಹೋದ ವರ್ಷ ಒಬ್ಬಳು ಹುಡುಗಿ ತೋರಿಸಿದ ಪುಟ ನನಗೆ ಚೆನ್ನಾಗಿ ನೆನಪಿದೆ. ಕೊಟ್ಟದ್ದು [1 1; 1 1]. ಅರ್ಧವಿರಾಮ ಹಾಕಿದಲ್ಲಿ ಮುಂದಿನ ಅಡ್ಡಸಾಲು ಶುರು ಎಂದು ಓದಿಕೊಳ್ಳಿ, ಮುಂದೆಯೂ ಹೀಗೇ ಬರೆಯುತ್ತೇನೆ. ಅವಳು ಎರಡನೇ ಸಾಲಿನಿಂದ ಮೊದಲನೆಯದನ್ನು ಕಳೆದು [1 1; 0 0] ಮಾಡಿದ್ದಳು. ರ‍್ಯಾಂಕ್ 1 ಎಂದು ಬರೆದಿದ್ದಳು, ಸರಿ. ಅದರ ಕೆಳಗೆ ಐಗನ್ ವ್ಯಾಲ್ಯೂ 1 ಮತ್ತು 0 ಎಂದು ಬರೆದು ಗೆರೆ ಎಳೆದಿದ್ದಳು.

"ಮಾಷ್ಟ್ರೇ, ಕರ್ಣದ ಕೆಳಗೆಲ್ಲ ಸೊನ್ನೆ ಬಂದರೆ ಕರ್ಣದಲ್ಲಿ ಇರುವುದೇ ಐಗನ್ ವ್ಯಾಲ್ಯೂ ಅಲ್ವಾ?"

"ಹೌದು ಮಗಾ. ಆದರೆ ಅದು ಈ ಹೊಸ ಮ್ಯಾಟ್ರಿಕ್ಸಿನದ್ದು. ಹಳೆಯದಕ್ಕೆ (1, 1) ಎಂಬ ವೆಕ್ಟರನ್ನು ಗುಣಿಸಿ ನೋಡು."

ಗುಣಿಸಿದಳು. (2, 2) ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಎರಡರಷ್ಟಾಯಿತು. ಹಾಗಾದರೆ 2 ಕೂಡ ಐಗನ್ ವ್ಯಾಲ್ಯೂ!" ಎಂದಳು. 2 ಮತ್ತು 0, ಇವೆರಡೇ ಹಳೆಯದರ ಐಗನ್ ವ್ಯಾಲ್ಯೂಗಳು. 1 ಅದರಲ್ಲಿ ಇಲ್ಲವೇ ಇಲ್ಲ.

ಈ ಒಂದು ತಪ್ಪಿನಲ್ಲೇ ಈ ಪಾಠದ ಮುಖ್ಯ ವಿಷಯ ಇದೆ. ಅಡ್ಡಸಾಲುಗಳನ್ನು ಕೂಡಿಸಿ ಕಳೆದರೆ ರ‍್ಯಾಂಕ್ ಬದಲಾಗುವುದಿಲ್ಲ, ಐಗನ್ ವ್ಯಾಲ್ಯೂ ಬದಲಾಗಬಹುದು. ಯಾಕೆಂದರೆ ರ‍್ಯಾಂಕ್ ಕೇಳುವುದು "ಈ ಮ್ಯಾಟ್ರಿಕ್ಸ್ ಯಾವ ವೆಕ್ಟರುಗಳನ್ನು ಸೊನ್ನೆ ಮಾಡುತ್ತದೆ, ಏನನ್ನು ಉಳಿಸುತ್ತದೆ" ಎಂದು. Ax = 0 ಎಂಬ ಸಮೀಕರಣದ ಉತ್ತರಗಳು ಸಾಲು ಕೂಡಿ ಕಳೆದರೆ ಬದಲಾಗುವುದಿಲ್ಲ. ಐಗನ್ ವ್ಯಾಲ್ಯೂ ಕೇಳುವುದು ಬೇರೆ: "ಯಾವ ವೆಕ್ಟರ್ ತನ್ನದೇ ಗೆರೆಯಲ್ಲಿ ಉಳಿಯುತ್ತದೆ, ಎಷ್ಟು ಪಟ್ಟು ಆಗುತ್ತದೆ?" ಸಾಲು ಕೂಡಿ ಕಳೆದಾಗ Ax = λx ಎಂಬುದರ ಬಲಗಡೆಯ λx ಕೆಟ್ಟುಹೋಗುತ್ತದೆ.

ಎರಡೂ ಒಂದೇ ಜಾಗದಲ್ಲಿ ಮಾತ್ರ ಸೇರುತ್ತವೆ, ಅದು λ = 0. Ax = 0 ಅಂದರೂ Ax = 0·x ಅಂದರೂ ಒಂದೇ. ಆ ಹುಡುಗಿಯ ಎರಡು ಮ್ಯಾಟ್ರಿಕ್ಸಿನಲ್ಲೂ 0 ಇದ್ದದ್ದು ಅದಕ್ಕೇ. ಅದು ಉಳಿಯಿತು, 2 ಹೋಗಿ 1 ಆಯಿತು. ಮುಂದೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಈ ಒಂದು ಮಾತಿನಿಂದಲೇ ಬಿಡಿಸಬಹುದು.

ಮೊದಲ ಹೆಜ್ಜೆ: ಜೇಬಿನಲ್ಲಿ ಐದು ಮ್ಯಾಟ್ರಿಕ್ಸ್

ಪರೀಕ್ಷೆಗೆ ಮೊದಲು ಇವಿಷ್ಟನ್ನು ಬಾಯಿಪಾಠ ಮಾಡಿ. ಬಾಯಿಪಾಠ ಮಾಡಿ ಎಂದು ನಾನು ಹೇಳುವುದು ಕಡಿಮೆ, ಇಲ್ಲಿ ಮಾತ್ರ ಹೇಳುತ್ತೇನೆ.

```
N = [0 1; 0 0]
S = [1 1; 0 1]
P = [1 0; 0 0]
R = [0 -1; 1 0]
J = [1 1; 1 1]
```

N ತುಂಬಾ ಕೆಲಸಕ್ಕೆ ಬರುವಂಥದ್ದು. ರ‍್ಯಾಂಕ್ 1, ಆದರೆ ಐಗನ್ ವ್ಯಾಲ್ಯೂ ಎರಡೂ 0. N ಅನ್ನು N ಇಂದಲೇ ಗುಣಿಸಿದರೆ ಪೂರ್ತಿ ಸೊನ್ನೆ. S ಗೆ ಇನ್ವರ್ಸ್ ಇದೆ, ಐಗನ್ ವ್ಯಾಲ್ಯೂ 1 ಮತ್ತು 1, ಆದರೆ ಸ್ವತಂತ್ರ ಐಗನ್ ವೆಕ್ಟರ್ ಒಂದೇ. ಹಾಗಾಗಿ ಅದು ಡಯಾಗನಲೈಸ್ ಆಗುವುದಿಲ್ಲ. P ತಾನಾಗಿಯೇ ಕರ್ಣರೂಪದಲ್ಲಿದೆ, ಆದರೆ ಇನ್ವರ್ಸ್ ಇಲ್ಲ. R ಅಂದರೆ 90 ಡಿಗ್ರಿ ತಿರುಗಿಸುವುದು. ತಿರುಗಿಸಿದರೆ ಯಾವ ವೆಕ್ಟರೂ ತನ್ನ ಗೆರೆಯಲ್ಲಿ ಉಳಿಯುವುದಿಲ್ಲ ಅಲ್ವಾ? ಹಾಗಾಗಿ ಅದಕ್ಕೆ ರಿಯಲ್ ಐಗನ್ ವ್ಯಾಲ್ಯೂ ಇಲ್ಲ, i ಮತ್ತು −i ಮಾತ್ರ. J ಮೇಲೆ ನೋಡಿದ್ದೇ. ಇವುಗಳ ಜೊತೆ I ಮತ್ತು −I ಹೇಗೂ ಇರುತ್ತವೆ.

ಎರಡನೇ ಹೆಜ್ಜೆ: ಸಾಲನ್ನು ನಿಧಾನವಾಗಿ ಓದಿ

ಪ್ರಶ್ನೆಯಲ್ಲಿ "ಚೌಕ ಮ್ಯಾಟ್ರಿಕ್ಸ್" ಎಂದು ಇದೆಯೇ? "ರಿಯಲ್" ಎಂದು ಇದೆಯೇ? "ಸಿಮೆಟ್ರಿಕ್" ಎಂದು? ಈ ಮೂರು ಶಬ್ದಗಳಲ್ಲಿ ಒಂದು ಇದ್ದರೆ ಅಥವಾ ಬಿಟ್ಟುಹೋಗಿದ್ದರೆ ಉತ್ತರವೇ ಉಲ್ಟಾ ಆಗುತ್ತದೆ. ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿಕೊಳ್ಳಿ. ಎರಡು ಉದಾಹರಣೆ ಕೊಟ್ಟರೆ ಯಾಕೆ ಎಂದು ಗೊತ್ತಾಗುತ್ತದೆ.

*AB ಗೆ ಇನ್ವರ್ಸ್ ಇದ್ದರೆ A ಗೂ B ಗೂ ಇನ್ವರ್ಸ್ ಇರುತ್ತದೆ.* ಎರಡೂ ಒಂದೇ ಅಳತೆಯ ಚೌಕವಾಗಿದ್ದರೆ ಸರಿ. det(AB) = det(A)·det(B), ಗುಣಲಬ್ಧ ಸೊನ್ನೆ ಅಲ್ಲ, ಹಾಗಾಗಿ ಎರಡೂ ಸೊನ್ನೆ ಅಲ್ಲ. ಚೌಕ ಎಂದು ಹೇಳದಿದ್ದರೆ ತಪ್ಪು. A ಒಂದೇ ಅಡ್ಡಸಾಲಿನ [1 0], B ಒಂದೇ ಕಂಬಸಾಲಿನ [1; 0]. AB = [1], ಇನ್ವರ್ಸ್ ಇದೆ. A, B ಚೌಕವೇ ಅಲ್ಲ.

*AᵀA ಯ ರ‍್ಯಾಂಕ್ ಮತ್ತು A ಯ ರ‍್ಯಾಂಕ್ ಒಂದೇ.* ರಿಯಲ್ ಆದರೆ ಸರಿ. AᵀAx = 0 ಎಂದಿಟ್ಟುಕೊಳ್ಳಿ. ಎಡದಿಂದ xᵀ ಇಂದ ಗುಣಿಸಿದರೆ (Ax)ᵀ(Ax) = 0. ಇದು Ax ನ ಅಂಶಗಳ ವರ್ಗಗಳ ಮೊತ್ತ. ರಿಯಲ್ ಸಂಖ್ಯೆಗಳ ವರ್ಗ ಕೂಡಿಸಿ ಸೊನ್ನೆ ಬರಬೇಕಾದರೆ ಒಂದೊಂದೂ ಸೊನ್ನೆಯೇ ಆಗಬೇಕು. ಅಂದರೆ Ax = 0. ಎರಡೂ ಸೊನ್ನೆ ಮಾಡುವುದು ಒಂದೇ ವೆಕ್ಟರುಗಳನ್ನು, ಹಾಗಾಗಿ ರ‍್ಯಾಂಕ್ ಒಂದೇ. ಕಾಂಪ್ಲೆಕ್ಸ್ ಆದರೆ ಈ ವಾದ ನಿಲ್ಲುವುದಿಲ್ಲ. A = [1; i] ತೆಗೆದುಕೊಳ್ಳಿ. AᵀA = 1 + i² = 0. A ಯ ರ‍್ಯಾಂಕ್ 1, AᵀA ಯದ್ದು 0.

ಮೂರನೇ ಹೆಜ್ಜೆ: ಜೇಬಿನಿಂದ ತೆಗೆದು ಹಾಕಿ ನೋಡಿ

ಒಂದು ಹೇಳಿಕೆ ಸರಿ ಎಂದು ಸಾಧಿಸಲು ಮೊದಲೇ ಹೋಗಬೇಡಿ. ಮಕ್ಕಳು ಸಮಯ ಕಳೆದುಕೊಳ್ಳುವುದು ಅಲ್ಲೇ. ಮೊದಲು ಐದೂ ಮ್ಯಾಟ್ರಿಕ್ಸಿನಲ್ಲಿ ಹೇಳಿಕೆ ನಿಲ್ಲುತ್ತದಾ ನೋಡಿ. ಒಂದರಲ್ಲಿ ಬಿದ್ದುಹೋದರೂ ಕೆಲಸ ಮುಗಿಯಿತು, ಉತ್ತರ "ತಪ್ಪು". ಎಲ್ಲದರಲ್ಲೂ ನಿಂತರೆ "ಸರಿ" ಇರಬಹುದು ಎಂಬ ಅಂದಾಜು ಮಾತ್ರ ಸಿಗುತ್ತದೆ. ಅಂದಾಜಿಗೆ ಮಾರ್ಕು ಇಲ್ಲ, ಕಾರಣ ಬೇಕು.

*ಇನ್ವರ್ಸ್ ಇದ್ದರೆ ಡಯಾಗನಲೈಸ್ ಆಗುತ್ತದೆ.* S ಹಾಕಿ, ತಪ್ಪು. *ಡಯಾಗನಲೈಸ್ ಆದರೆ ಇನ್ವರ್ಸ್ ಇರುತ್ತದೆ.* P ಹಾಕಿ, ತಪ್ಪು. ಈ ಎರಡು ಗುಣಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಇನ್ವರ್ಸ್ ಕೇಳುವುದು 0 ಐಗನ್ ವ್ಯಾಲ್ಯೂ ಆಗಿದೆಯಾ ಎಂದಷ್ಟೇ. ಡಯಾಗನಲೈಸ್ ಆಗಲು ಬೇಕಾದದ್ದು ಸಾಕಷ್ಟು ಸ್ವತಂತ್ರ ಐಗನ್ ವೆಕ್ಟರುಗಳು.

*A, B ಗೆ ಇನ್ವರ್ಸ್ ಇದ್ದರೆ A + B ಗೂ ಇರುತ್ತದೆ.* I ಮತ್ತು −I, ತಪ್ಪು.

*A + B ಯ ಐಗನ್ ವ್ಯಾಲ್ಯೂ, A ಯದ್ದೊಂದು ಮತ್ತು B ಯದ್ದೊಂದರ ಮೊತ್ತ.* N ಮತ್ತು Nᵀ ಹಾಕಿ. ಎರಡರಲ್ಲೂ 0 ಬಿಟ್ಟು ಬೇರೆ ಐಗನ್ ವ್ಯಾಲ್ಯೂ ಇಲ್ಲ. ಕೂಡಿಸಿದರೆ [0 1; 1 0], ಅದರದ್ದು 1 ಮತ್ತು −1. ತಪ್ಪು. A ಗೂ B ಗೂ ಅದೇ x ಐಗನ್ ವೆಕ್ಟರ್ ಆಗಿದ್ದರೆ ಮಾತ್ರ ಕೂಡಿಸಬಹುದು. ಮಕ್ಕಳು ಮರೆಯುವುದು ಈ "ಅದೇ x" ಎಂಬುದನ್ನು.

*ರಿಯಲ್ ಚೌಕ ಮ್ಯಾಟ್ರಿಕ್ಸಿಗೆ ಒಂದಾದರೂ ರಿಯಲ್ ಐಗನ್ ವ್ಯಾಲ್ಯೂ ಇರುತ್ತದೆ.* R ಹಾಕಿ, ತಪ್ಪು. ಆದರೆ 3×3 ಎಂದು ಹೇಳಿದ್ದರೆ ಸರಿ. ಆಗ ಸಿಗುವ ಸಮೀಕರಣ ಮೂರನೇ ಘಾತದ್ದು, ಅದಕ್ಕೆ ಒಂದಾದರೂ ರಿಯಲ್ ಮೂಲ ಇದ್ದೇ ಇರುತ್ತದೆ. ಅಳತೆ ಬೆಸ ಸಂಖ್ಯೆ ಆಗಿದ್ದರೆ ಎಲ್ಲ ಕಡೆ ಇದೇ ಕಾರಣ ಸಾಕು.

*AB ಮತ್ತು BA ಯ ರ‍್ಯಾಂಕ್ ಒಂದೇ.* A = N, B = P ಹಾಕಿ. NP ಮಾಡಿದರೆ ಪೂರ್ತಿ ಸೊನ್ನೆ. PN ಮಾಡಿದರೆ N ಹಾಗೇ ವಾಪಸ್ ಬರುತ್ತದೆ. ರ‍್ಯಾಂಕ್ 0 ಮತ್ತು 1. ತಪ್ಪು. ಆದರೆ *AB ಮತ್ತು BA ಯ ಐಗನ್ ವ್ಯಾಲ್ಯೂಗಳು ಒಂದೇ* ಎಂದರೆ, A, B ಒಂದೇ ಅಳತೆಯ ಚೌಕವಾಗಿರುವವರೆಗೆ ಅದು ಸರಿ. λ ಸೊನ್ನೆ ಅಲ್ಲ, ABx = λx ಎಂದಿರಲಿ. ಎಡದಿಂದ B ಇಂದ ಗುಣಿಸಿ: BA(Bx) = λ(Bx). Bx ಸೊನ್ನೆ ಆಗಿರಲು ಸಾಧ್ಯವಿಲ್ಲ, ಆಗಿದ್ದರೆ λx ಕೂಡ ಸೊನ್ನೆ ಆಗಬೇಕಿತ್ತು. ಹಾಗಾಗಿ λ ಎಂಬುದು BA ಯ ಐಗನ್ ವ್ಯಾಲ್ಯೂ ಕೂಡ. λ = 0 ಆದರೆ det(AB) = det(BA) ಎಂಬುದೇ ಕಾರಣ. ಈ ಜೋಡಿ ನನಗೆ ಬಹಳ ಇಷ್ಟ. ರ‍್ಯಾಂಕ್ ಬೇರೆ, ಐಗನ್ ವ್ಯಾಲ್ಯೂ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ.

ಜಾಸ್ತಿ ಜನ ಬೀಳುವ ಪ್ರಶ್ನೆ

*A ಯ ರ‍್ಯಾಂಕ್ ಅಂದರೆ ಅದರ ಸೊನ್ನೆ ಅಲ್ಲದ ಐಗನ್ ವ್ಯಾಲ್ಯೂಗಳ ಸಂಖ್ಯೆ.*

ಕೇಳಲು ಎಷ್ಟು ಚೆನ್ನಾಗಿದೆ! P ಹಾಕಿ, ನಿಲ್ಲುತ್ತದೆ. J ಹಾಕಿ, ನಿಲ್ಲುತ್ತದೆ. S, R ಎರಡರಲ್ಲೂ ನಿಲ್ಲುತ್ತದೆ. N ಹಾಕಿದಾಗ ಮಾತ್ರ ಬೀಳುತ್ತದೆ: ರ‍್ಯಾಂಕ್ 1, ಸೊನ್ನೆ ಅಲ್ಲದ ಐಗನ್ ವ್ಯಾಲ್ಯೂ ಒಂದೂ ಇಲ್ಲ. ಉತ್ತರ ತಪ್ಪು. ಆದರೆ ಇಷ್ಟಕ್ಕೇ ಬಿಡಬೇಡಿ, ಇದೇ ಪ್ರಶ್ನೆ ನಾಲ್ಕೈದು ವೇಷದಲ್ಲಿ ಬರುತ್ತದೆ. ಒಂದು ಪೂರ್ತಿ ಲೆಕ್ಕ ಮಾಡೋಣ.

A ಎಂಬುದು 3×3. ಐಗನ್ ವ್ಯಾಲ್ಯೂಗಳು 5, 0, 0. ಇದರ ರ‍್ಯಾಂಕ್ ಎಷ್ಟು?

ರ‍್ಯಾಂಕ್ 3 ಆಗಲಾರದು. 0 ಐಗನ್ ವ್ಯಾಲ್ಯೂ ಅಂದರೆ ಒಂದು ಸೊನ್ನೆ ಅಲ್ಲದ ವೆಕ್ಟರ್ A ಯ ಕೈಯಲ್ಲಿ ಸೊನ್ನೆಯಾಗುತ್ತದೆ, ಇನ್ವರ್ಸ್ ಇಲ್ಲ. ರ‍್ಯಾಂಕ್ 0 ಕೂಡ ಆಗಲಾರದು. ಹಾಗಾದರೆ A ಪೂರ್ತಿ ಸೊನ್ನೆ, ಆಗ 5 ಎಲ್ಲಿಂದ ಬಂತು? ಉಳಿದದ್ದು 1 ಮತ್ತು 2. ಎರಡೂ ಆಗಬಹುದು.

```
[5 0 0; 0 0 0; 0 0 0]
[5 0 0; 0 0 1; 0 0 0]
```

ಎರಡರಲ್ಲೂ ಕರ್ಣದ ಕೆಳಗೆ ಸೊನ್ನೆ, ಕರ್ಣದಲ್ಲಿ 5, 0, 0. ಐಗನ್ ವ್ಯಾಲ್ಯೂ ಒಂದೇ. ಮೊದಲನೆಯದರ ರ‍್ಯಾಂಕ್ 1, ಎರಡನೆಯದರದ್ದು 2. ಎರಡನೆಯದರ ಕೆಳಮೂಲೆಯನ್ನು ಸರಿಯಾಗಿ ನೋಡಿ, ಅಲ್ಲಿ N ಕೂತಿದೆ.

ವ್ಯತ್ಯಾಸ ಎಲ್ಲಿಂದ ಬಂತು? 0 ಎಷ್ಟು ಸಲ ಬಂದಿದೆ ಎಂಬುದು ಒಂದು ಲೆಕ್ಕ. ಇಲ್ಲಿ ಎರಡು ಸಲ. 0 ಗೆ ಎಷ್ಟು ಸ್ವತಂತ್ರ ಐಗನ್ ವೆಕ್ಟರ್ ಸಿಗುತ್ತವೆ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದರಲ್ಲಿ ಎರಡು ಸಿಗುತ್ತವೆ, ಎರಡನೆಯದರಲ್ಲಿ (0, 1, 0) ಒಂದೇ. ರ‍್ಯಾಂಕಿಗೆ ಬೇಕಾದದ್ದು ಈ ಎರಡನೇ ಲೆಕ್ಕ. ಅದನ್ನೇ ನಲ್ಲಿಟಿ ಅನ್ನುತ್ತೇವೆ, ಮತ್ತು ರ‍್ಯಾಂಕ್ + ನಲ್ಲಿಟಿ = n. ಸಿಗುವ ವೆಕ್ಟರುಗಳ ಸಂಖ್ಯೆ, 0 ಬಂದ ಸಲಕ್ಕಿಂತ ಯಾವತ್ತೂ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗಬಹುದು. ಹಾಗಾಗಿ ರ‍್ಯಾಂಕ್ ಎಂಬುದು ಸೊನ್ನೆ ಅಲ್ಲದ ಐಗನ್ ವ್ಯಾಲ್ಯೂಗಳ ಸಂಖ್ಯೆಗೆ ಸಮ ಅಥವಾ ಅದಕ್ಕಿಂತ ಜಾಸ್ತಿ. ಎಣಿಸುವಾಗ ಒಂದೇ ಸಂಖ್ಯೆ ಎರಡು ಸಲ ಬಂದರೆ ಎರಡು ಎಂದೇ ಎಣಿಸಬೇಕು.

ಈಗ ವೇಷಗಳನ್ನು ನೋಡಿ. *A ಡಯಾಗನಲೈಸ್ ಆಗುವಂತಿದ್ದರೆ ರ‍್ಯಾಂಕ್ ಮತ್ತು ಆ ಸಂಖ್ಯೆ ಸಮ.* ಸರಿ, ಆಗ ವೆಕ್ಟರುಗಳ ಕೊರತೆ ಇಲ್ಲ. *ರಿಯಲ್ ಸಿಮೆಟ್ರಿಕ್ A ಯ ಐಗನ್ ವ್ಯಾಲ್ಯೂ 5, 0, 0 ಆದರೆ ರ‍್ಯಾಂಕ್ 1.* ಸರಿ, ರಿಯಲ್ ಸಿಮೆಟ್ರಿಕ್ ಎಲ್ಲವೂ ಡಯಾಗನಲೈಸ್ ಆಗುತ್ತವೆ. *ಐಗನ್ ವ್ಯಾಲ್ಯೂ ಎಲ್ಲ ಸೊನ್ನೆ ಆದರೆ A ಸೊನ್ನೆ ಮ್ಯಾಟ್ರಿಕ್ಸ್.* N ಹಾಕಿ, ತಪ್ಪು. *A² ಮತ್ತು A ಯ ರ‍್ಯಾಂಕ್ ಒಂದೇ.* ಪುನಃ N, ತಪ್ಪು.

ಉಲ್ಟಾ ದಿಕ್ಕಿನ ಪ್ರಶ್ನೆಯೂ ಬರುತ್ತದೆ: *4×4 ಮ್ಯಾಟ್ರಿಕ್ಸಿನ ರ‍್ಯಾಂಕ್ 1, ಟ್ರೇಸ್ 3 ಆದರೆ ಅದು ಡಯಾಗನಲೈಸ್ ಆಗುತ್ತದೆ.* ರ‍್ಯಾಂಕ್ 1 ಅಂದರೆ ನಲ್ಲಿಟಿ 3. 0 ಗೆ ಮೂರು ಸ್ವತಂತ್ರ ವೆಕ್ಟರ್ ಸಿಕ್ಕಿತು. ಅಂದರೆ 0 ಕನಿಷ್ಠ ಮೂರು ಸಲ ಬಂದಿದೆ. ಐಗನ್ ವ್ಯಾಲ್ಯೂಗಳ ಮೊತ್ತವೇ ಟ್ರೇಸ್, ಹಾಗಾಗಿ ನಾಲ್ಕನೆಯದು 3. ಅದಕ್ಕೆ ಒಂದು ವೆಕ್ಟರ್ ಇದ್ದೇ ಇದೆ. ಒಟ್ಟು ನಾಲ್ಕು, ಸರಿ. ಟ್ರೇಸ್ 0 ಆಗಿದ್ದರೆ ನಾಲ್ಕನೆಯದೂ 0 ಆಗುತ್ತಿತ್ತು, ವೆಕ್ಟರ್ ಮೂರೇ ಇರುತ್ತಿತ್ತು. ಆಗ ಉತ್ತರ ತಪ್ಪು. ಒಂದು ಸಂಖ್ಯೆ ಬದಲಾದದ್ದಕ್ಕೆ ಉತ್ತರವೇ ಬದಲಾಯಿತು, ಅದಕ್ಕೇ ನಿಧಾನವಾಗಿ ಓದಿ ಎಂದದ್ದು.

ಕಾರಣ ಬರೆಯುವ ಕ್ರಮ

"ತಪ್ಪು" ಎಂದಾದರೆ ಎರಡು ವಿಷಯ ತೋರಿಸಬೇಕು: ನಿಮ್ಮ ಮ್ಯಾಟ್ರಿಕ್ಸ್ ಪ್ರಶ್ನೆಯ ಷರತ್ತನ್ನು ಒಪ್ಪುತ್ತದೆ, ಆದರೆ ತೀರ್ಮಾನವನ್ನು ಒಪ್ಪುವುದಿಲ್ಲ. "S ಗೆ det = 1, ಇನ್ವರ್ಸ್ ಇದೆ. ಐಗನ್ ವ್ಯಾಲ್ಯೂ 1 ಮಾತ್ರ, ಡಯಾಗನಲೈಸ್ ಆಗುವುದಾದರೆ S = I ಆಗಬೇಕಿತ್ತು, ಆದರೆ S ಎಂಬುದು I ಅಲ್ಲ." ಇಷ್ಟು ಸಾಕು. ಸುಮ್ನೆ ಮ್ಯಾಟ್ರಿಕ್ಸ್ ಬರೆದು "ಇದಕ್ಕೆ ಆಗುವುದಿಲ್ಲ" ಎಂದರೆ ಅರ್ಧ ಮಾರ್ಕು ಹೋಗುತ್ತದೆ.

"ಸರಿ" ಎಂದಾದರೆ ಉದಾಹರಣೆ ಕೊಡಬೇಡಿ. ಹತ್ತು ಉದಾಹರಣೆ ಕೊಟ್ಟರೂ ಅದು ಕಾರಣ ಆಗುವುದಿಲ್ಲ. ಈ ಮೂರರಲ್ಲಿ ಒಂದನ್ನು ಹಿಡಿಯಿರಿ: Ax = λx ಎಂಬ ಅರ್ಥ, ರ‍್ಯಾಂಕ್ + ನಲ್ಲಿಟಿ = n, ಅಥವಾ det ಅಂದರೆ ಐಗನ್ ವ್ಯಾಲ್ಯೂಗಳ ಗುಣಲಬ್ಧ, ಟ್ರೇಸ್ ಅಂದರೆ ಮೊತ್ತ. ಡಿಗ್ರಿ ಮಟ್ಟದ ಪ್ರಶ್ನೆಗಳಲ್ಲಿ ಹೆಚ್ಚಿನವು ಇವುಗಳಿಂದಲೇ ಆಗುತ್ತವೆ.

ಒಂದು ಬಗೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಬೇರೆ ದಾರಿ ಇದೆ. *A² + A + I = 0 ಆದರೆ A ಗೆ ಇನ್ವರ್ಸ್ ಇದೆ.* ನಮ್ಮ ಐದರಲ್ಲಿ ಒಂದೂ ಈ ಷರತ್ತನ್ನು ಒಪ್ಪುವುದಿಲ್ಲ, ಹಾಗಾಗಿ ಜೇಬು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಷರತ್ತು ಒಪ್ಪದ ಮ್ಯಾಟ್ರಿಕ್ಸ್ ಹಾಕಿ ನೋಡಿ "ಎಲ್ಲದರಲ್ಲೂ ನಿಂತಿತು" ಎಂದುಕೊಂಡರೆ ಮೋಸ ಹೋಗುತ್ತೀರಿ. ಇಂಥದ್ದರಲ್ಲಿ I ಯನ್ನು ಒಂದು ಕಡೆ ಒಂಟಿಯಾಗಿ ನಿಲ್ಲಿಸಿ: A(−A − I) = I. ಇನ್ವರ್ಸ್ ಕೈಗೇ ಸಿಕ್ಕಿತು, ಅದು −A − I. ಸರಿ. ಆದರೆ *A² = 3A ಆದರೆ A ಗೆ ಇನ್ವರ್ಸ್ ಇದೆ* ಎಂದರೆ I ಎಲ್ಲೂ ಇಲ್ಲ, ಒಂಟಿಯಾಗಿ ನಿಲ್ಲಿಸಲು ಆಗುವುದಿಲ್ಲ. ಸೊನ್ನೆ ಮ್ಯಾಟ್ರಿಕ್ಸ್ ಹಾಕಿದರೆ ತಪ್ಪು ಎಂದು ಗೊತ್ತಾಗುತ್ತದೆ. *A² = 3A, ಮತ್ತು A ಗೆ ಇನ್ವರ್ಸ್ ಇದೆ, ಆದ್ದರಿಂದ A = 3I.* ಎರಡೂ ಕಡೆ ಇನ್ವರ್ಸಿನಿಂದ ಗುಣಿಸಿ, ಸರಿ.

ಜಗಲಿಯಲ್ಲಿ ಕೊನೆಗೆ ನಾನು ಕೊಡುವ ನಾಲ್ಕು ಸಾಲು ಇವು. ಕೆಳಗಿನ ಉತ್ತರವನ್ನು ಕೈಯಲ್ಲಿ ಮುಚ್ಚಿ ಮಾಡಿ ನೋಡಿ.

*A ಗೆ ಇನ್ವರ್ಸ್ ಇದ್ದು λ ಅದರ ಐಗನ್ ವ್ಯಾಲ್ಯೂ ಆದರೆ, 1/λ ಎಂಬುದು ಇನ್ವರ್ಸಿನ ಐಗನ್ ವ್ಯಾಲ್ಯೂ.*
*A ಮತ್ತು Aᵀ ಯ ಐಗನ್ ವೆಕ್ಟರುಗಳು ಒಂದೇ.*
*A² = A ಆದರೆ A ಯ ರ‍್ಯಾಂಕ್ ಮತ್ತು ಟ್ರೇಸ್ ಒಂದೇ.*
*A² = 0 ಆದರೆ I + A ಗೆ ಇನ್ವರ್ಸ್ ಇದೆ.*

ಮೊದಲನೆಯದು ಸರಿ. Ax = λx ಅನ್ನು ಇನ್ವರ್ಸಿನಿಂದ ಗುಣಿಸಿ λ ಇಂದ ಭಾಗಿಸಿ. λ ಸೊನ್ನೆ ಅಲ್ಲ, ಹಾಗಾಗಿ ಭಾಗಿಸಬಹುದು. ಎರಡನೆಯದು ತಪ್ಪು. N ಗೆ (1, 0), Nᵀ ಗೆ (0, 1). ಐಗನ್ ವ್ಯಾಲ್ಯೂ ಮಾತ್ರ ಒಂದೇ. ಮೂರನೆಯದು ಸರಿ. ಐಗನ್ ವ್ಯಾಲ್ಯೂ 0 ಮತ್ತು 1 ಬಿಟ್ಟು ಬೇರೆ ಇಲ್ಲ. ಜೊತೆಗೆ x = Ax + (x − Ax) ಎಂದು ಬರೆದರೆ ಮೊದಲ ಭಾಗ ಐಗನ್ ವ್ಯಾಲ್ಯೂ 1 ರದ್ದು, ಎರಡನೆಯದು 0 ಯದ್ದು. ಎಲ್ಲ ವೆಕ್ಟರನ್ನೂ ಹೀಗೆ ಬಿಡಿಸಬಹುದು, ಅಂದರೆ ಡಯಾಗನಲೈಸ್ ಆಗುತ್ತದೆ. ಆಗ ರ‍್ಯಾಂಕ್ ಅಂದರೆ 1 ಎಷ್ಟು ಸಲ ಬಂತು ಎಂಬುದು, ಟ್ರೇಸ್ ಕೂಡ ಅದೇ. ನಾಲ್ಕನೆಯದು ಸರಿ: (I + A)(I − A) = I − A² = I.